ಪೆನ್ಸಿಲಿನ್ ವಯಸ್ಸು ನೋಡುತ್ತದೆ, ಹೈಡ್ರಾಕ್ಸಿಯೂರಿಯ ತೂಕ ನೋಡುತ್ತದೆ

ಪ್ರಶ್ನೆ: ನಾನು ಚಾಮರಾಜನಗರ ಜಿಲ್ಲೆಯ ಒಂದು ಆಶ್ರಮ ಶಾಲೆಯಲ್ಲಿ ಮೇಷ್ಟ್ರು. ನನ್ನ ಮಗಳಿಗೆ 4 ವರ್ಷ, ತೂಕ 12 ಕೆಜಿ. ಅವಳಿಗೆ ಸಿಕಲ್ ಸೆಲ್ ಕಾಯಿಲೆ ಇದೆ. ಕಳೆದ ವರ್ಷ ಕೈಕಾಲು ನೋವಿಗೆ ಮೂರು ಸಲ ಆಸ್ಪತ್ರೆಗೆ ಸೇರಿಸಿದೆವು. ಮೊದಲಿನ ಡಾಕ್ಟರು ಹೈಡ್ರಾಕ್ಸಿಯೂರಿಯ ಕೆಜಿಗೆ 10 ಮಿಲಿಗ್ರಾಂ ಲೆಕ್ಕದಲ್ಲಿ ಬರೆದಿದ್ದರು, ಈಗಿನವರು 20 ಅನ್ನುತ್ತಾರೆ. ಯಾವುದು ಸರಿ? ಔಷಧಿ ಅಂಗಡಿಯಲ್ಲಿ ಇದು ಕ್ಯಾನ್ಸರ್ ಮಾತ್ರೆ ಅಂದರು, ಮನೆಯವಳು ಹೆದರಿದ್ದಾಳೆ. ಪೆನ್ಸಿಲಿನ್ ಮಾತ್ರೆಯನ್ನು ಯಾವಾಗ ನಿಲ್ಲಿಸಬಹುದು? ನಮ್ಮ 2 ತಿಂಗಳ ಮಗನಿಗೂ ಇದೇ ಕಾಯಿಲೆ ಅಂತ ಈಗ ಗೊತ್ತಾಗಿದೆ.

ಉತ್ತರ: ಮೇಷ್ಟ್ರೇ, ನೀವು ಮಗನ ವಿಷಯವನ್ನು ಕೊನೆಗೆ ಬರೆದಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ, ಯಾಕಂದ್ರೆ ಆತುರ ಇರುವುದು ಅಲ್ಲಿ. ಅವನಿಗೆ ಈ ವಾರವೇ ಪೆನ್ಸಿಲಿನ್ ಶುರುವಾಗಬೇಕು. ಮೂರು ತಿಂಗಳು ತುಂಬುವವರೆಗೂ ಕಾಯಬೇಡಿ. ಅವನು ಈಗ ಗುಂಡಗೆ, ಆಡಿಕೊಂಡು ಇರಬಹುದು. ಹುಟ್ಟುವಾಗ ಮಗುವಿನ ರಕ್ತದಲ್ಲಿ ಗರ್ಭದ ಹಿಮೋಗ್ಲೋಬಿನ್ ತುಂಬಿರುತ್ತದೆ. ಅದು ಇರುವ ತನಕ ಕೆಂಪು ಕಣಗಳು ಕುಡುಗೋಲಿನ ಹಾಗೆ ಬಾಗುವುದಿಲ್ಲ. ಮೊದಲ ಕೆಲವು ತಿಂಗಳಲ್ಲಿ ಅದು ಇಳಿಯುತ್ತಾ ಬರುತ್ತದೆ, ಬಾಗುವ ಕಣಗಳು ಹೆಚ್ಚುತ್ತವೆ. ಅವು ಮೊದಲು ಹಾಳು ಮಾಡುವ ಅಂಗ ಗುಲ್ಮ, ಡಾಕ್ಟರು ಸ್ಪ್ಲೀನ್ ಅನ್ನುವುದು ಇದನ್ನೇ. ನೋವು ಕಾಣಿಸಿಕೊಳ್ಳುವ ಮೊದಲೇ ಈ ಕೆಲಸ ಶುರುವಾಗಿರುತ್ತದೆ.

ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾವನ್ನು ಸೋಸಿ ತೆಗೆಯುವುದು ಗುಲ್ಮದ ಕೆಲಸ. ಅದರಲ್ಲೂ ನ್ಯುಮೋಕಾಕಸ್ ಅನ್ನುವ ರೋಗಾಣುವಿಗೆ ಒಂದು ದಪ್ಪ ಹೊದಿಕೆ ಇರುತ್ತದೆ. ಅದನ್ನು ಹಿಡಿಯಲು ಗುಲ್ಮವೇ ಬೇಕು. ಗುಲ್ಮ ಸೋತ ಮಗುವಿಗೆ ಈ ಸೋಂಕು ತಗುಲಿದರೆ, ಬೆಳಗ್ಗೆ ಬಂದ ಜ್ವರ ರಾತ್ರಿಯೊಳಗೆ ಪ್ರಾಣಕ್ಕೆ ಬರಬಹುದು. ಡಾಕ್ಟರು ಹೊಟ್ಟೆ ಮುಟ್ಟಿ ಗುಲ್ಮ ದೊಡ್ಡದಿದೆ ಅಂದರೂ ಸಮಾಧಾನ ಪಡಬೇಡಿ. ದೊಡ್ಡದಾಗಿರುವ ಗುಲ್ಮ ಕೆಲಸ ಮಾಡುತ್ತಿದೆ ಅಂತ ಅರ್ಥವಲ್ಲ.

ದಿನಾ ಎರಡು ಹೊತ್ತು ಪೆನ್ಸಿಲಿನ್ ಕೊಟ್ಟರೆ ಇದನ್ನು ತಡೆಯಬಹುದು ಅಂತ ತೋರಿಸಿದ್ದು 1986ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ. ಅದರಲ್ಲಿದ್ದವರೆಲ್ಲ 3 ವರ್ಷದೊಳಗಿನ ಮಕ್ಕಳು. ಪೆನ್ಸಿಲಿನ್ ಪಡೆದ 105 ಮಕ್ಕಳಲ್ಲಿ 2 ಮಕ್ಕಳಿಗೆ ಈ ಸೋಂಕು ಬಂತು. ಸುಮ್ನೆ ಮದ್ದಿಲ್ಲದ ಮಾತ್ರೆ ಪಡೆದ 110 ಮಕ್ಕಳಲ್ಲಿ 13 ಮಕ್ಕಳಿಗೆ ಬಂತು, ಅವರಲ್ಲಿ ಮೂವರು ತೀರಿಕೊಂಡರು. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು 8 ತಿಂಗಳು ಮೊದಲೇ ನಿಲ್ಲಿಸಿ ಎಲ್ಲರಿಗೂ ಮದ್ದು ಕೊಡಬೇಕಾಯಿತು. ಹುಟ್ಟಿದ ಕೂಡಲೇ ಮಕ್ಕಳ ರಕ್ತ ಪರೀಕ್ಷೆ ಮಾಡಬೇಕು ಅನ್ನುವ ಮಾತಿಗೆ ಬಲ ಬಂದದ್ದು ಆಮೇಲೆ.

ಪೆನ್ಸಿಲಿನ್ ಲೆಕ್ಕ ಸುಲಭ. ಅದು ತೂಕ ಕೇಳುವುದಿಲ್ಲ, ವಯಸ್ಸು ಕೇಳುತ್ತದೆ. ಇಲ್ಲಿ ಹೇಳುತ್ತಿರುವುದು ಬಾಯಿಗೆ ಕೊಡುವ ಪೆನ್ಸಿಲಿನ್ ವಿ ಲೆಕ್ಕ. 3 ವರ್ಷ ತುಂಬುವವರೆಗೆ ಬೆಳಗ್ಗೆ 125 ಮಿಲಿಗ್ರಾಂ, ಸಂಜೆ 125. ಮೂರು ತುಂಬಿದ ಮೇಲೆ ಬೆಳಗ್ಗೆ 250, ಸಂಜೆ 250. ಅಂದರೆ ಮಗನಿಗೆ 125, ಮಗಳಿಗೆ 250. ದಯವಿಟ್ಟು ಮಗಳ ಚೀಟಿಯನ್ನು ಇವತ್ತೇ ತೆಗೆದು ನೋಡಿ. ಮೂರನೇ ಹುಟ್ಟುಹಬ್ಬ ಆಗಿ ವರ್ಷ ಕಳೆದರೂ 125ರಲ್ಲೇ ಉಳಿದಿರುವ ಮಕ್ಕಳನ್ನು ನಾನು ಎಷ್ಟೋ ನೋಡಿದ್ದೇನೆ. ಹಳೇ ಚೀಟಿ ತೋರಿಸಿ ಅದೇ ಮಾತ್ರೆ ತರುತ್ತಾ ಹೋದರೆ ಹೀಗಾಗುತ್ತದೆ.

ಇನ್ನೊಂದು ಗೊಂದಲ ಮಾತ್ರೆಯ ಹಾಳೆಯಲ್ಲಿ ಇದೆ. ಪೆನ್ಸಿಲಿನ್ ಮಾತ್ರೆಯ ಮೇಲೆ ಎಷ್ಟೋ ಸಲ ಮಿಲಿಗ್ರಾಂ ಬದಲು ಯೂನಿಟ್ ಬರೆದಿರುತ್ತದೆ. ಪೆನ್ಸಿಲಿನ್ ವಿ 4 ಲಕ್ಷ ಯೂನಿಟ್ ಅಂದರೆ 250 ಮಿಲಿಗ್ರಾಂ, 2 ಲಕ್ಷ ಯೂನಿಟ್ ಅಂದರೆ 125. ನಿಮಗೆ 250ರ ಮಾತ್ರೆ ಮಾತ್ರ ಸಿಕ್ಕರೆ ಮಗನಿಗೆ ಅರ್ಧ ಮಾಡಿ, ಎರಡು ಚಮಚದ ನಡುವೆ ಪುಡಿ ಮಾಡಿ, ಹಿಂಡಿದ ಎದೆಹಾಲಿನಲ್ಲಿ ಕಲಸಿ ಕುಡಿಸಿ. ಹೊಟ್ಟೆ ಖಾಲಿ ಇರುವಾಗ ಕೊಟ್ಟರೆ ಇನ್ನೂ ಒಳ್ಳೆಯದು. ಆದರೆ ಅದಕ್ಕಾಗಿ ಹೊತ್ತು ತಪ್ಪಿಸಬೇಡಿ. ಪೆನ್ಸಿಲಿನ್ ಕೆಲವೇ ಗಂಟೆಗಳಲ್ಲಿ ಮೂತ್ರದಲ್ಲಿ ಹೊರಟುಹೋಗುತ್ತದೆ. ಎರಡು ಹೊತ್ತು ತಪ್ಪಿದರೆ ಆ ದಿನ ಮಗುವಿಗೆ ಕಾವಲೇ ಇಲ್ಲ. ಮಾತ್ರೆ ಸಿಗುವುದೇ ಕಷ್ಟ ಅನ್ನುವ ಹಾಡಿಗಳಲ್ಲಿ 3-4 ವಾರಕ್ಕೊಮ್ಮೆ ಹಾಕುವ ಬೆಂಜಥೀನ್ ಪೆನ್ಸಿಲಿನ್ ಇಂಜೆಕ್ಷನ್ ಒಂದು ದಾರಿ. ಸೂಜಿ ನೋಯುತ್ತದೆ ನಿಜ, ಆದರೆ ಅದು ಹೊತ್ತು ತಪ್ಪುವುದಿಲ್ಲ. ಪೆನ್ಸಿಲಿನ್ ಅಲರ್ಜಿ ಇರುವ ಮಕ್ಕಳಿಗೆ ಎರಿಥ್ರೋಮೈಸಿನ್ ಕೊಡುತ್ತೇವೆ.

ಯಾವಾಗ ನಿಲ್ಲಿಸಬಹುದು ಅಂತ ಕೇಳಿದ್ದೀರಿ. ಐದು ವರ್ಷ ತುಂಬಿದ ಮಕ್ಕಳಲ್ಲಿ ಪೆನ್ಸಿಲಿನ್ ಮುಂದುವರಿಸಿದವರನ್ನೂ ನಿಲ್ಲಿಸಿದವರನ್ನೂ ಹೋಲಿಸಿದ ಎರಡನೇ ಅಧ್ಯಯನವೊಂದು 1995ರಲ್ಲಿ ಬಂತು. ಅದರಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. 5 ವರ್ಷಕ್ಕೆ ನಿಲ್ಲಿಸಬಹುದು ಅನ್ನುವ ಮಾತು ಬಂದದ್ದು ಅಲ್ಲಿಂದ. ಆದರೆ ಅದಕ್ಕೆ ಮೂರು ಷರತ್ತಿವೆ. ಮಗುವಿಗೆ ನ್ಯುಮೋಕಾಕಸ್ ಲಸಿಕೆಗಳು ಪೂರ್ತಿ ಆಗಿರಬೇಕು. ಹಿಂದೆ ಈ ರೋಗಾಣು ರಕ್ತಕ್ಕೋ ಮಿದುಳಿನ ಪೊರೆಗೋ ಸೇರಿ ಕಾಯಿಲೆ ಆಗಿರಬಾರದು. ಆಪರೇಷನ್ ಮಾಡಿ ಗುಲ್ಮ ತೆಗೆದಿರಬಾರದು. ಬ್ರಿಟನ್ನಿನಲ್ಲಿ ಐದಕ್ಕೆ ನಿಲ್ಲಿಸದೆ ಜೀವನಪೂರ್ತಿ ಮುಂದುವರಿಸಿ ಅನ್ನುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಜ್ವರ ಬಂದ ಮಗುವನ್ನು ಎರಡು ಗಂಟೆಯೊಳಗೆ ಆಸ್ಪತ್ರೆಗೆ ತರಲಾಗದ ಊರಿನಲ್ಲಿ ಇರುವವರಿಗೆ ಐದಕ್ಕೆ ನಿಲ್ಲಿಸಿ ಅಂತ ಹೇಳಲು ನನಗೆ ಧೈರ್ಯ ಬರುವುದಿಲ್ಲ.

ಲಸಿಕೆ ವಿಷಯಕ್ಕೆ ತಾಯಿ ಕಾರ್ಡ್ ತೆಗೆಯಿರಿ. ಅದರಲ್ಲಿ ಪಿಸಿವಿ ಅನ್ನುವ ಸಾಲು ಇರುತ್ತದೆ, ಅದು ನ್ಯುಮೋಕಾಕಸ್ ಲಸಿಕೆ. ಸರ್ಕಾರದ ಲಸಿಕೆ ಪಟ್ಟಿಯಲ್ಲಿ ಅದನ್ನು 6 ವಾರ, 14 ವಾರ, 9 ತಿಂಗಳಿಗೆ ಕೊಡುತ್ತಾರೆ. ಮಗನಿಗೆ ಮೊದಲನೆಯದು ಆಗಿದೆಯಾ ನೋಡಿ. ಇದಲ್ಲದೆ 23 ಬಗೆಯ ನ್ಯುಮೋಕಾಕಸ್‌ಗೆ ತಡೆ ಕೊಡುವ ಇನ್ನೊಂದು ಲಸಿಕೆ ಇದೆ. ಅದು 2 ವರ್ಷ ತುಂಬಿದ ಮೇಲೆ ಒಮ್ಮೆ, ಮತ್ತೆ 5 ವರ್ಷ ಬಿಟ್ಟು ಒಮ್ಮೆ. ಇದು ಆ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಕೇಳಿ ಹಾಕಿಸಬೇಕು. ಮಗಳಿಗೆ ಇದು ಆಗಿಲ್ಲದಿದ್ದರೆ ಪೆನ್ಸಿಲಿನ್ ನಿಲ್ಲಿಸುವ ಮಾತು ಈಗ ಬೇಡ.

ಇನ್ನು ಹೈಡ್ರಾಕ್ಸಿಯೂರಿಯ. ಮನೆಯವರ ಹೆದರಿಕೆಗೆ ಮೊದಲು ಉತ್ತರ ಕೊಡುತ್ತೇನೆ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಈ ಮದ್ದನ್ನು ಕೆಲವು ಬಗೆಯ ರಕ್ತದ ಕ್ಯಾನ್ಸರಿನಲ್ಲೂ ಕೊಡುತ್ತಾರೆ. ಆದರೆ ಸಿಕಲ್ ಸೆಲ್‌ನಲ್ಲಿ ಅದನ್ನು ಕೊಡುವುದು ಬೇರೆ ಕೆಲಸಕ್ಕೆ. ಮಗನ ವಿಷಯದಲ್ಲಿ ಹೇಳಿದೆನಲ್ಲ, ಹುಟ್ಟುವಾಗ ಕಾಪಾಡುವ ಆ ಗರ್ಭದ ಹಿಮೋಗ್ಲೋಬಿನ್ ಅಂತ? ಹೈಡ್ರಾಕ್ಸಿಯೂರಿಯ ಅದನ್ನು ಮತ್ತೆ ಹೆಚ್ಚಿಸುತ್ತದೆ. ಜೊತೆಗೆ ರಕ್ತನಾಳಕ್ಕೆ ಅಂಟಿಕೊಂಡು ದಾರಿ ಕಟ್ಟುವ ಬಿಳಿ ಕಣಗಳನ್ನು ಕಡಿಮೆ ಮಾಡುತ್ತದೆ. ಹೀಗೆ ನೋವು ಕಡಿಮೆಯಾಗುತ್ತದೆ. ಅಮೆರಿಕದಲ್ಲಿ ಇದಕ್ಕೆ 1998ರಲ್ಲಿ ದೊಡ್ಡವರಿಗೂ 2017ರಲ್ಲಿ 2 ವರ್ಷ ಮೇಲ್ಪಟ್ಟ ಮಕ್ಕಳಿಗೂ ಒಪ್ಪಿಗೆ ಸಿಕ್ಕಿತು. ಇಷ್ಟು ವರ್ಷ ಇದನ್ನು ತೆಗೆದುಕೊಂಡ ಸಿಕಲ್ ಸೆಲ್ ಮಕ್ಕಳಲ್ಲಿ ಕ್ಯಾನ್ಸರ್ ಹೆಚ್ಚಾಗಿದ್ದು ಕಂಡುಬಂದಿಲ್ಲ. ಗಂಡುಮಕ್ಕಳಲ್ಲಿ ಮುಂದೆ ವೀರ್ಯಾಣು ಸಂಖ್ಯೆ ಇಳಿಯಬಹುದು ಅನ್ನುವುದು ನಿಜವಾದ ಪ್ರಶ್ನೆ. ಮಗ ದೊಡ್ಡವನಾದಾಗ ಅದನ್ನು ಡಾಕ್ಟರ ಹತ್ತಿರ ಮಾತಾಡಬೇಕು.

10 ಮತ್ತು 20ರ ಜಗಳಕ್ಕೆ ಬರೋಣ. ಇಬ್ಬರೂ ಡಾಕ್ಟರು ಆಧಾರ ಇಲ್ಲದೆ ಬರೆದವರಲ್ಲ. ಅಮೆರಿಕದ 2014ರ ಮಾರ್ಗಸೂಚಿ ಮಕ್ಕಳಿಗೆ ದಿನಕ್ಕೆ ಕೆಜಿಗೆ 20 ಮಿಲಿಗ್ರಾಂನಿಂದ ಶುರು ಮಾಡಿ ಅನ್ನುತ್ತದೆ. ರಕ್ತ ತಾಳಿದರೆ 8 ವಾರಕ್ಕೊಮ್ಮೆ ಕೆಜಿಗೆ 5ರಂತೆ ಏರಿಸಬಹುದು, 35 ದಾಟಬಾರದು. ನಮ್ಮ ದೇಶದಲ್ಲಿ ಕತೆ ಸ್ವಲ್ಪ ಬೇರೆ. ಇಲ್ಲಿನ ಸಿಕಲ್ ಸೆಲ್ ಬಹುಪಾಲು ಅರಬ್-ಭಾರತೀಯ ಅನ್ನುವ ಬಗೆಯದು. ಈ ಮಕ್ಕಳಲ್ಲಿ ಗರ್ಭದ ಹಿಮೋಗ್ಲೋಬಿನ್ ಮೊದಲೇ ಜಾಸ್ತಿ ಇರುತ್ತದೆ. ನಾಗಪುರದಲ್ಲಿ ಮಕ್ಕಳಿಗೆ ಕೆಜಿಗೆ 10ರಂತೆ ಒಂದೇ ಅಳತೆಯಲ್ಲಿ ಕೊಟ್ಟು ನೋಡಿದಾಗಲೂ ನೋವು, ರಕ್ತ ಹಾಕಿಸುವುದು ಎರಡೂ ತುಂಬಾ ಇಳಿದವು. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಲಾಗದ ಕಡೆ ಕಡಿಮೆ ಅಳತೆ ಸುರಕ್ಷಿತ ಅಂತ ಹಲವು ಡಾಕ್ಟರು ಅದನ್ನೇ ಬರೆಯುತ್ತಾರೆ. ಇದನ್ನು ನಾನು ತಪ್ಪು ಅನ್ನುವುದಿಲ್ಲ.

ಆದರೆ ನಿಮ್ಮ ಮಗಳು 10ರಲ್ಲಿ ಇದ್ದೂ ವರ್ಷಕ್ಕೆ ಮೂರು ಸಲ ಆಸ್ಪತ್ರೆ ಸೇರಿದ್ದಾಳಾದರೆ, 10 ಅವಳಿಗೆ ಸಾಲುತ್ತಿಲ್ಲ. ಉಗಾಂಡಾದಲ್ಲಿ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 20ರ ಹತ್ತಿರ ಒಂದೇ ಅಳತೆ ಕೊಟ್ಟು, ಇನ್ನೊಂದಕ್ಕೆ ರಕ್ತ ನೋಡಿಕೊಂಡು ಏರಿಸಿದರು. 2020ರಲ್ಲಿ ಬಂದ ಫಲಿತಾಂಶದಲ್ಲಿ ಏರಿಸಿದ ಗುಂಪಿಗೆ ನೋವೂ ಕಡಿಮೆ, ರಕ್ತ ಹಾಕಿಸುವುದೂ ಕಡಿಮೆ. ಏರಿಸಿದ್ದರಿಂದ ತೊಂದರೆ ಹೆಚ್ಚಾಗಲಿಲ್ಲ. ಹಾಗಾಗಿ ನಾನು ಈಗಿನ ಡಾಕ್ಟರ ಕಡೆ ನಿಲ್ಲುತ್ತೇನೆ. ಒಂದೇ ಮಾತು, ಮೊದಲು ಮಗು 10ರ ಅಳತೆಯನ್ನು ನಿಜವಾಗಿ ದಿನಾ ತೆಗೆದುಕೊಂಡಿದ್ದಳಾ ಅಂತ ಖಚಿತ ಮಾಡಿಕೊಳ್ಳಿ. ಬಿಟ್ಟುಬಿಟ್ಟು ಕೊಟ್ಟಿದ್ದರೆ ಅದು ಅಳತೆಯ ತಪ್ಪಲ್ಲ ಅಲ್ವಾ?

ಲೆಕ್ಕ ಮಾಡೋಣ. 12 ಕೆಜಿಗೆ 20ರಂತೆ ದಿನಕ್ಕೆ 240 ಮಿಲಿಗ್ರಾಂ. ನಮ್ಮ ಕಡೆ ಸಾಮಾನ್ಯವಾಗಿ ಸಿಗುವುದು 500ರ ಕ್ಯಾಪ್ಸೂಲ್. ಹತ್ತು ಎಂಎಲ್ ನೀರಿನಲ್ಲಿ ಒಂದು ಕ್ಯಾಪ್ಸೂಲಿನ ಪುಡಿ ಕದಡಿದರೆ ಒಂದು ಎಂಎಲ್‌ನಲ್ಲಿ 50 ಮಿಲಿಗ್ರಾಂ ಇರುತ್ತದೆ. 5 ಎಂಎಲ್ ಅಂದರೆ 250, ಅಂದರೆ ಕೆಜಿಗೆ 21ರ ಹತ್ತಿರ. ಇದು ಸರಿ. ಸಿರಿಂಜಿನಲ್ಲಿ ಅಳೆಯಿರಿ, ಚಮಚದಲ್ಲಿ ಬೇಡ. ಹೈಡ್ರಾಕ್ಸಿಯೂರಿಯ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಅಡಿಯಲ್ಲಿ ಉಳಿಯುವ ಬಿಳಿ ಪುಡಿ ಕ್ಯಾಪ್ಸೂಲ್ ತುಂಬಿಸಲು ಹಾಕಿದ ಬೇರೆ ಪದಾರ್ಥ. ಮಿಕ್ಕ ನೀರನ್ನು ನಾಳೆಗೆ ಇಡಬೇಡಿ. ಕ್ಯಾಪ್ಸೂಲ್ ಬಿಚ್ಚಬಾರದು ಅಂತ ಡಬ್ಬಿಯ ಮೇಲೆ ಬರೆದಿರಬಹುದು. ಆದ್ದರಿಂದ ಈ ವಿಧಾನವನ್ನು ನಿಮ್ಮ ಡಾಕ್ಟರು ಅಥವಾ ಫಾರ್ಮಸಿಸ್ಟ್ ಎದುರಿಗೆ ಒಮ್ಮೆ ಮಾಡಿ ತೋರಿಸಿಕೊಂಡೇ ಮನೆಯಲ್ಲಿ ಶುರು ಮಾಡಿ. ಬಿಚ್ಚುವವರು ಗ್ಲೌಸ್, ಮಾಸ್ಕ್ ಹಾಕಿಕೊಳ್ಳಬೇಕು, ಅದಕ್ಕೆ ಬೇರೆ ಲೋಟ ಇಡಬೇಕು. ಗರ್ಭಿಣಿಯರು ಇದನ್ನು ಮುಟ್ಟಬಾರದು. ಮನೆಯಲ್ಲಿ ಎದೆಹಾಲು ಕುಡಿಸುವ ತಾಯಿ ಇರುವುದರಿಂದ ಈ ಕೆಲಸ ನೀವೇ ಮಾಡಿ ಮೇಷ್ಟ್ರೇ. ಮಕ್ಕಳಿಗೆ ಕುಡಿಯುವ ದ್ರವ ರೂಪದ ಮದ್ದು ಸಿಕ್ಕರೆ ಇದೆಲ್ಲ ಬೇಡ. ಮಗಳು ಮುಂದೆ 18 ಕೆಜಿ ಆಗಿ ಕ್ಯಾಪ್ಸೂಲ್ ನುಂಗಲು ಕಲಿತರೆ ವಾರದಲ್ಲಿ 5 ದಿನ ಒಂದೊಂದು ಕ್ಯಾಪ್ಸೂಲ್ ಕೊಟ್ಟರೂ ಸರಾಸರಿ 20 ಬರುತ್ತದೆ.

ಅಳತೆ ಏರಿಸುವ ದಿನಗಳಲ್ಲಿ 4 ವಾರಕ್ಕೊಮ್ಮೆ ರಕ್ತ ಪರೀಕ್ಷೆ ಬೇಕು. ವರದಿ ಕೈಗೆ ಬಂದಾಗ ನೀವೇ ಒಂದು ಗುಣಾಕಾರ ಮಾಡಬಹುದು. ನ್ಯೂಟ್ರೋಫಿಲ್ ಅಂದರೆ ಬಿಳಿ ಕಣಗಳಲ್ಲೇ ಒಂದು ಬಗೆ. ಒಟ್ಟು ಬಿಳಿ ರಕ್ತಕಣವನ್ನು ನ್ಯೂಟ್ರೋಫಿಲ್ ಶೇಕಡಾದಿಂದ ಗುಣಿಸಿ ನೂರರಿಂದ ಭಾಗಿಸಿ. ಬಿಳಿ ಕಣ 11,000, ನ್ಯೂಟ್ರೋಫಿಲ್ 52 ಅಂತ ಬಂದರೆ ನ್ಯೂಟ್ರೋಫಿಲ್ ಲೆಕ್ಕ 5,720. ನಮಗೆ ಬೇಕಾದದ್ದು 2,000ದಿಂದ 4,000ದ ನಡುವೆ. 5,720 ಅಂದರೆ ಮದ್ದು ಇನ್ನೂ ಬಿಗಿಯಾಗಿ ಹಿಡಿದಿಲ್ಲ, ಏರಿಸಲು ಜಾಗ ಇದೆ. 8 ವಾರ ಆದಾಗ ಡಾಕ್ಟರು ಅದನ್ನು 25ಕ್ಕೆ ಏರಿಸಬಹುದು. ಆಗ 12 ಕೆಜಿಗೆ 300 ಮಿಲಿಗ್ರಾಂ, ಅಂದರೆ 6 ಎಂಎಲ್. ಮುಂದಿನ ವರದಿಯಲ್ಲಿ ಬಿಳಿ ಕಣ 6,200, ನ್ಯೂಟ್ರೋಫಿಲ್ 48 ಬಂದರೆ ಲೆಕ್ಕ 2,976. ಪ್ಲೇಟ್‌ಲೆಟ್ 80,000ಕ್ಕಿಂತ ಮೇಲಿದ್ದರೆ ಅಲ್ಲೇ ನಿಲ್ಲಬೇಕು. ಅದು ನಿಮ್ಮ ಮಗಳ ಅಳತೆ. ಆಮೇಲೆ 2-3 ತಿಂಗಳಿಗೊಮ್ಮೆ ಪರೀಕ್ಷೆ ಸಾಕು.

ಒಂದು ದಿನ ವರದಿಯಲ್ಲಿ ಬಿಳಿ ಕಣ 3,600, ನ್ಯೂಟ್ರೋಫಿಲ್ 25 ಬಂದರೆ ಲೆಕ್ಕ 900 ಆಗುತ್ತದೆ. ಆ ದಿನವೇ ಮದ್ದು ನಿಲ್ಲಿಸಿ ಡಾಕ್ಟರಿಗೆ ತಿಳಿಸಬೇಕು. ಪ್ಲೇಟ್‌ಲೆಟ್ 80,000ಕ್ಕಿಂತ ಕೆಳಗೆ ಬಂದರೂ ಹೀಗೇ. ವಾರಕ್ಕೊಮ್ಮೆ ಪರೀಕ್ಷೆ ಮಾಡುತ್ತಾರೆ, ಏರಿದ ಮೇಲೆ ಕೆಜಿಗೆ 5 ಕಡಿಮೆ ಮಾಡಿ ಮತ್ತೆ ಶುರು ಮಾಡುತ್ತಾರೆ. ಮಕ್ಕಳಲ್ಲಿ ಮಾಮೂಲಿ ವೈರಲ್ ಜ್ವರ ಬಂದಾಗಲೂ ಈ ಕಣಗಳು ಇಳಿಯುತ್ತವೆ. ಹಾಗಾಗಿ ಒಂದು ಕೆಟ್ಟ ವರದಿ ನೋಡಿ ಮದ್ದನ್ನೇ ಶಾಶ್ವತವಾಗಿ ಬಿಟ್ಟುಬಿಡಬೇಡಿ. ಒಂದು ದಿನ ಮದ್ದು ಮರೆತರೆ ಮರುದಿನ ಎರಡು ಪಟ್ಟು ಕೊಡುವುದೂ ಬೇಡ.

ಈಗ ನಾನು ಜಾಸ್ತಿ ನೋಡುವ ತಪ್ಪು. ಹೈಡ್ರಾಕ್ಸಿಯೂರಿಯ ಮಗುವಿನ ಜೊತೆ ಬೆಳೆಯಬೇಕು. ನನ್ನ ಹತ್ತಿರ ಬಂದಿದ್ದ ಒಬ್ಬ ಹುಡುಗನಿಗೆ ಮೊದಲ ವರ್ಷ ಒಂದೂ ನೋವು ಬಂದಿರಲಿಲ್ಲ. ಎರಡನೇ ವರ್ಷದ ಕೊನೆಗೆ ಮತ್ತೆ ನೋವು ಶುರುವಾಯಿತು. ಮದ್ದಿಗೆ ದೇಹ ಒಗ್ಗಿಹೋಯಿತು ಅಂತ ಮನೆಯವರು ತಿಳಿದಿದ್ದರು. ಚೀಟಿ ನೋಡಿದರೆ 12 ಕೆಜಿ ಇದ್ದಾಗ ಬರೆದ 300 ಮಿಲಿಗ್ರಾಂ ಹಾಗೇ ಇತ್ತು, ಹುಡುಗ 16 ಕೆಜಿ ಆಗಿದ್ದ. ಕೆಜಿಗೆ 25 ಇದ್ದದ್ದು ಸದ್ದಿಲ್ಲದೆ 19ಕ್ಕೆ ಇಳಿದಿತ್ತು. ಯಾರೂ ಕಡಿಮೆ ಮಾಡಿರಲಿಲ್ಲ, ಮಗು ಬೆಳೆದಿತ್ತು ಅಷ್ಟೇ. ಅವನ ಬಿಳಿ ಕಣ ನೋಡಿಕೊಂಡು ಮತ್ತೆ 25ಕ್ಕೆ ತಂದೆವು. ನಿಮ್ಮ ಶಾಲೆಯಲ್ಲಿ ತೂಕದ ಯಂತ್ರ ಇದ್ದೇ ಇರುತ್ತದೆ. ಮೂರು ತಿಂಗಳಿಗೊಮ್ಮೆ ತೂಗಿ ಚೀಟಿಯ ಹಿಂದೆ ಬರೆದುಕೊಳ್ಳಿ.

ಮದ್ದು ಕೆಲಸ ಮಾಡುತ್ತಿದೆಯಾ ಅಂತ ನೋವಿನಿಂದ ಮಾತ್ರ ಅಳೆಯಬೇಡಿ. ಅದಕ್ಕೆ 3ರಿಂದ 6 ತಿಂಗಳು ಬೇಕು. ಅದಕ್ಕೆ ಮೊದಲೇ ವರದಿಯಲ್ಲಿ ಎಂಸಿವಿ ಅನ್ನುವ ಅಂಕಿ ಏರುತ್ತದೆ. ಅದು ಕೆಂಪು ಕಣದ ಗಾತ್ರ. 76 ಇದ್ದದ್ದು 90ರ ಕಡೆ ಹೋದರೆ ಮದ್ದು ದೇಹಕ್ಕೆ ಸೇರುತ್ತಿದೆ. ಮೂರು ತಿಂಗಳಾದರೂ ಅಲ್ಲಾಡಲಿಲ್ಲ ಅಂದರೆ ಮದ್ದು ಮಗುವಿನ ಬಾಯಿಗೆ ಹೋಗುತ್ತಿಲ್ಲ ಅಂತ ನಾನು ಮೊದಲು ಅನುಮಾನ ಪಡುತ್ತೇನೆ. ಆದರೆ ಕಬ್ಬಿಣದ ಕೊರತೆ ಅಥವಾ ಜೊತೆಗೆ ತಲಸ್ಸೀಮಿಯಾ ಇರುವ ಮಕ್ಕಳಲ್ಲಿ ಎಂಸಿವಿ ಅಷ್ಟು ಏರುವುದಿಲ್ಲ. ಸುಮ್ನೆ ತಾಯಿಯನ್ನು ಬೈಯುವ ಮೊದಲು ಅದನ್ನು ನೋಡಬೇಕು. ಉಗುರಿನಲ್ಲಿ ಕಪ್ಪು ಗೆರೆ ಕಾಣಬಹುದು, ಅದರಿಂದ ಅಪಾಯವಿಲ್ಲ.

ಮಗನಿಗೆ ಹೈಡ್ರಾಕ್ಸಿಯೂರಿಯ ಈಗಲೇ ಬೇಡ. 9 ತಿಂಗಳಾದ ಮೇಲೆ, ನೋವು ಬಂದಿರಲಿ ಬಾರದಿರಲಿ, ಕೊಡಬಹುದು ಅನ್ನುತ್ತದೆ ಆ 2014ರ ಮಾರ್ಗಸೂಚಿ. ಅದಕ್ಕೆ ಆಧಾರ 9ರಿಂದ 18 ತಿಂಗಳ ಕೂಸುಗಳಿಗೆ ಕೆಜಿಗೆ 20ರಂತೆ ಕೊಟ್ಟ ಒಂದು ಅಧ್ಯಯನ. 2011ರಲ್ಲಿ ಬಂದ ಅದರ ಫಲಿತಾಂಶದಲ್ಲಿ ನೋವು, ಕೈಕಾಲು ಊತ ಎರಡೂ ಕಡಿಮೆಯಾಗಿದ್ದವು. ಆದರೆ ಗುಲ್ಮವನ್ನು ಮದ್ದು ಉಳಿಸಿತು ಅಂತ ಅದು ಸಾಬೀತು ಮಾಡಲಿಲ್ಲ. ಆದ್ದರಿಂದ ಮಗನಿಗೆ ಮುಂದೆ ಹೈಡ್ರಾಕ್ಸಿಯೂರಿಯ ಶುರುವಾದರೂ ಪೆನ್ಸಿಲಿನ್ ಬಿಡುವಂತಿಲ್ಲ. ಒಂದು ಇನ್ನೊಂದರ ಬದಲಿ ಅಲ್ಲ.

ಪೆನ್ಸಿಲಿನ್ ಎಲ್ಲ ರೋಗಾಣುವನ್ನೂ ತಡೆಯುವುದಿಲ್ಲ, ಅದಕ್ಕೆ ಜಗ್ಗದ ನ್ಯುಮೋಕಾಕಸ್ ಕೂಡ ಇದೆ. ಆದ್ದರಿಂದ ಮನೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಇಬ್ಬರಲ್ಲಿ ಯಾರಿಗಾದರೂ 101.3 ಡಿಗ್ರಿ ಅಥವಾ ಮೇಲೆ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಮಗನಿಗೆ ಮೂರು ತಿಂಗಳು ತುಂಬುವವರೆಗೆ 100.4 ಬಂದರೂ ಹೊರಡಿ. ಜ್ವರದ ಔಷಧಿ ಕೊಟ್ಟು ಇಳಿದರೂ ಹೋಗಲೇಬೇಕು. ರಾತ್ರಿ ಡ್ಯೂಟಿಯ ಡಾಕ್ಟರಿಗೆ ಇದು ಮಾಮೂಲಿ ಜ್ವರದ ಹಾಗೆ ಕಾಣಬಹುದು. ಅವರಿಗೆ ಮೂರು ಮಾತು ಹೇಳಿ: ಮಗುವಿಗೆ ಸಿಕಲ್ ಸೆಲ್ ಇದೆ, ಗುಲ್ಮ ಕೆಲಸ ಮಾಡುವುದಿಲ್ಲ, ರಕ್ತದ ಕಲ್ಚರ್ ತೆಗೆದು ತಡಮಾಡದೆ ಸೆಫ್ಟ್ರಿಯಾಕ್ಸೋನ್‌ನಂಥ ಇಂಜೆಕ್ಷನ್ ಬೇಕು. ಮಗಳಾದರೆ ಹೈಡ್ರಾಕ್ಸಿಯೂರಿಯ ತೆಗೆದುಕೊಳ್ಳುತ್ತಿದ್ದಾಳೆ, ಬಿಳಿ ಕಣ ನೋಡಿ ಅಂತಲೂ ಹೇಳಿ. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನೊಳಗೆ ಇಟ್ಟುಬಿಡಿ. ಆ ರಾತ್ರಿ ನೀವು ಊರಲ್ಲಿ ಇಲ್ಲದಿದ್ದರೆ, ಮಗುವನ್ನು ಎತ್ತಿಕೊಂಡು ಓಡುವವರ ಕೈಯಲ್ಲಿ ಆ ಚೀಟಿ ಇರಬೇಕು.